ಸಮಾನ ಸರಣಿ ರೋಧ

ಸಮಾನ ಸರಣಿ ರೋಧ ಅಥವಾ ಇ.ಎಸ್.ಆರ್. ಎಂಬುದು ಕೆಪಾಸಿಟರ್‌ನ ಒಳಗಿನ ಎಲ್ಲ ಶಕ್ತಿನಷ್ಟಗಳನ್ನು ಅದರೊಡನೆ ಸರಣಿಯಲ್ಲಿರುವ ಒಂದೇ ರೋಧವೆಂದು ಭಾವಿಸಿ ಸೂಚಿಸುವ ಬೆಲೆ. ಇದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನಲ್ಲಿ ಇದರ ಬಹುಪಾಲು ಬರುವುದು ಅಲ್ಯುಮಿನಿಯಂ ಹಾಳೆಗಳ ನಡುವಿನ ಕಾಗದವನ್ನು ತೋಯಿಸಿರುವ ದ್ರವದಿಂದ. ಲೋಹಕ್ಕೆ ಹೋಲಿಸಿದರೆ ಈ ದ್ರವವು ದುರ್ಬಲ ವಾಹಕ.

ರಿಪಲ್‌ನ ಮೇಲೆ ಪರಿಣಾಮ

ವಿದ್ಯುತ್ ಪೂರೈಕೆಯ ನೇರ ವೋಲ್ಟೇಜಿನಲ್ಲಿ ಉಳಿಯುವ ಏರಿಳಿತಕ್ಕೆ ರಿಪಲ್ ಎಂದು ಹೆಸರು. 100 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ, 5 ವೋಲ್ಟ್ ನೀಡುವ ಒಂದು ಸ್ವಿಚಿಂಗ್ ಪೂರೈಕೆಯನ್ನು ಪರಿಗಣಿಸಬಹುದು. ಅದರ ಇಂಡಕ್ಟರ್‌ನ ಪ್ರವಾಹವು ತ್ರಿಕೋನಾಕಾರದಲ್ಲಿ 2 ಆಂಪಿಯರ್‌ನಷ್ಟು ಏರಿಳಿಯುತ್ತದೆ. ಹೊರತುದಿಯಲ್ಲಿ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದೆ. ಕೆಪಾಸಿಟರ್ ತುಂಬಿ ಬರಿದಾಗುವುದರಿಂದ ಉಂಟಾಗುವ ರಿಪಲ್:

ΔV = ΔI / (8 f C)

ಇದು ಕೇವಲ 2.5 ಮಿಲಿವೋಲ್ಟ್. ಆದರೆ ಅದೇ ಪ್ರವಾಹ ಇ.ಎಸ್.ಆರ್.‌ನ ಮೂಲಕವೂ ಹರಿಯಬೇಕು. ಅದು 0.03 ಓಮ್ ಇದ್ದರೆ, ΔV = ΔI × ESR ಎಂಬಂತೆ 60 ಮಿಲಿವೋಲ್ಟ್ ಸೇರುತ್ತದೆ. ಅಂದರೆ ಇಲ್ಲಿ ರಿಪಲ್ಲನ್ನು ನಿರ್ಧರಿಸುವುದು ಧಾರಕತೆಯಲ್ಲ, ಈ ಸಣ್ಣ ರೋಧ. 50 ಹರ್ಟ್ಸ್ ಟ್ರಾನ್ಸ್‌ಫಾರ್ಮರ್ ಬಳಸುವ ಹಳೆಯ ಬಗೆಯ ಪೂರೈಕೆಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಕೆಪಾಸಿಟರ್ ಸೆಕೆಂಡಿಗೆ 100 ಬಾರಿ ಮಾತ್ರ ತುಂಬುವುದರಿಂದ ಧಾರಕತೆಯೇ ಮುಖ್ಯ.

ಹಳತಾದಾಗ

ಕಾಲಕ್ರಮದಲ್ಲಿ ದ್ರವವು ರಬ್ಬರ್ ಮುಚ್ಚಳದ ಮೂಲಕ ಸ್ವಲ್ಪಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಶಾಖವು ಇದನ್ನು ತೀವ್ರಗೊಳಿಸುತ್ತದೆ. ಮೇಲಿನ ಕೆಪಾಸಿಟರ್‌ನ ಇ.ಎಸ್.ಆರ್. 0.3 ಓಮ್‌ಗೆ ಏರಿತೆನ್ನೋಣ. ಆಗ ರಿಪಲ್ 600 ಮಿಲಿವೋಲ್ಟ್ ಆಗಿ, ವೋಲ್ಟೇಜು 4.7 ಮತ್ತು 5.3ರ ನಡುವೆ ತೂಗಾಡುತ್ತದೆ. 74 ಸರಣಿಯ ಟಿ.ಟಿ.ಎಲ್. ಬಿಲ್ಲೆಗಳಿಗೆ ಸಮ್ಮತವಾದ 4.75ರಿಂದ 5.25ರ ಮಿತಿಯನ್ನು ಇದು ಎರಡೂ ಕಡೆ ಮೀರುತ್ತದೆ. ಕೆಪಾಸಿಟರ್‌ನೊಳಗೆ ಹುಟ್ಟುವ ಶಾಖವೂ ಹತ್ತು ಪಟ್ಟಾಗುವುದರಿಂದ ಒಣಗುವಿಕೆ ಇನ್ನಷ್ಟು ವೇಗ ಪಡೆಯುತ್ತದೆ.

ಪತ್ತೆಹಚ್ಚುವಿಕೆ

ಇಂತಹ ಕೆಪಾಸಿಟರ್ ಉಬ್ಬದೆ, ಸೋರದೆ ಇರಬಹುದು. ಸಾಮಾನ್ಯ ಧಾರಕತಾ ಮಾಪಕವು 900 ಮೈಕ್ರೋಫ್ಯಾರಡ್ ಎಂದು ತೋರಿಸಿ, ದುರಸ್ತಿಗಾರರ ದಾರಿ ತಪ್ಪಿಸುವುದುಂಟು. ಇ.ಎಸ್.ಆರ್. ಮಾಪಕವು ಸುಮಾರು 100 ಕಿಲೋಹರ್ಟ್ಸ್‌ನ ಅತ್ಯಲ್ಪ ವೋಲ್ಟೇಜನ್ನು ಬಳಸುವುದರಿಂದ ಫಲಕದ ಡಯೋಡುಗಳು ವಾಹಕವಾಗುವುದಿಲ್ಲ. ಆದುದರಿಂದ ಅನೇಕ ವೇಳೆ ಬೆಸುಗೆ ಬಿಚ್ಚದೆಯೇ ಅಳೆಯಬಹುದು. ಅಳೆಯುವ ಮೊದಲು ಕೆಪಾಸಿಟರ್‌ನಲ್ಲಿ ಉಳಿದ ಆವೇಶವನ್ನು ಬರಿದುಮಾಡುವುದು ಕಡ್ಡಾಯ. ತಂಪಿನಲ್ಲಿ ದ್ರವವು ಮಂದವಾಗಿ ಇ.ಎಸ್.ಆರ್. ಮತ್ತಷ್ಟು ಏರುತ್ತದೆ. ಹೀಗಾಗಿ ಚಳಿಯ ಮುಂಜಾನೆ ಚಾಲೂ ಆಗದೆ, ಬಿಸಿಗಾಳಿ ತಾಗಿದೊಡನೆ ಚಾಲೂ ಆಗುವ ಉಪಕರಣದಲ್ಲಿ ಮೊದಲು ಸಂಶಯಿಸಬೇಕಾದುದು ಇದನ್ನೇ.

ಬದಲಿಸುವಾಗ ಕಡಿಮೆ ಇ.ಎಸ್.ಆರ್. ಇರುವ ಬಗೆಯನ್ನು ಆರಿಸುತ್ತಾರೆ, ಇಲ್ಲವೆ ಎರಡನ್ನು ಸಮಾಂತರವಾಗಿ ಜೋಡಿಸಿ ರೋಧವನ್ನು ಅರ್ಧಕ್ಕೆ ಇಳಿಸುತ್ತಾರೆ. ಆದರೆ ರೋಧ ಕಡಿಮೆಯಾದಷ್ಟೂ ಒಳ್ಳೆಯದೆಂಬ ಮಾತು ಪೂರ್ತಿ ನಿಜವಲ್ಲ. ಕೆಲವು ರೆಗ್ಯುಲೇಟರುಗಳ ಸ್ಥಿರತೆ ಇ.ಎಸ್.ಆರ್.‌ನ ಒಂದು ಕನಿಷ್ಠ ಬೆಲೆಯನ್ನು ಅವಲಂಬಿಸಿದ್ದು, ಅದಕ್ಕಿಂತ ಕಡಿಮೆಯಾದರೆ ಹೊರವೋಲ್ಟೇಜು ತಾನಾಗಿಯೇ ಆಂದೋಲಿಸತೊಡಗುತ್ತದೆ.