ಐನೂರು ರೂಪಾಯಿ ಎಲ್ಲಿ ಹೋಯಿತು?

ಸ್ಕ್ಯಾನ್ ಮಾಡಿದ ಬ್ಯಾಂಕ್ ಸ್ಟೇಟ್‌ಮೆಂಟ್ ನಿಜಕ್ಕೂ ಒಂದು ಫೋಟೊ. ಅದರ ಮೇಲೆ ಮೌಸ್ ಎಳೆದರೆ ಒಂದಕ್ಷರವೂ ಆಯ್ಕೆಯಾಗುವುದಿಲ್ಲ. ಅದನ್ನು ಟ್ಯಾಲಿಗೆ ಸೇರಿಸಬೇಕಾದರೆ ಮೊದಲು ಓಸಿಆರ್ ತಂತ್ರಾಂಶ ಚಿತ್ರದಲ್ಲಿರುವ ಅಂಕಿಗಳನ್ನು ಓದಿ ಎಕ್ಸೆಲ್ ಹಾಳೆಗೆ ಇಳಿಸಬೇಕು.

ತೊಡಕು ಶುರುವಾಗುವುದು ಅಲ್ಲಿಯೇ. ಮಸುಕಾದ 8 ಅದರ ಕಣ್ಣಿಗೆ 3 ಆಗಿಬಿಡುತ್ತದೆ.

ಇದನ್ನು ಹಿಡಿಯುವ ಸಾಕ್ಷಿ ಸ್ಟೇಟ್‌ಮೆಂಟಿನಲ್ಲೇ ಇದೆ: ಪ್ರತಿ ಸಾಲಿನ ಬ್ಯಾಲೆನ್ಸ್. ಮೊದಲು ಅಂಕಿಗಳಿಗೆ ಅಂಟಿದ `Cr` ತೆಗೆದುಹಾಕಬೇಕು. C ಕಾಲಂ ಹಣ ತೆಗೆದದ್ದು, D ಜಮಾ, E ಬ್ಯಾಲೆನ್ಸ್ ಎಂದಿಟ್ಟುಕೊಂಡರೆ, ಮೂರನೇ ಸಾಲಿಗೆ ಹಾಕಬೇಕಾದ ಸೂತ್ರ ಇದು:

```
=ROUND(E2-C3+D3-E3,2)
```

ಉತ್ತರ ಸೊನ್ನೆ ಬರಬೇಕು. ಹಿಂದಿನ ಬ್ಯಾಲೆನ್ಸ್ 42,350, ತೆಗೆದದ್ದು 1,350, ಈಗಿನದು 40,500 ಎಂದಿದ್ದರೆ 500 ಉಳಿಯುತ್ತದೆ. ಮೂಲ ಪುಟದಲ್ಲಿ ಇದ್ದದ್ದು 1,850! ಬ್ಯಾಲೆನ್ಸನ್ನೇ ತಪ್ಪಾಗಿ ಓದಿದ್ದರೆ ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಅದೇ ಮೊತ್ತ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾಗಿ ಕಾಣುತ್ತದೆ.

ತಾರೀಖಿನ ತಪ್ಪು ಮಾತ್ರ ಈ ಜರಡಿಯಲ್ಲಿ ಸಿಕ್ಕುವುದಿಲ್ಲ. ಏಪ್ರಿಲ್ 3 ಎಂಬುದು ಎಕ್ಸೆಲ್‌ನಲ್ಲಿ ಮಾರ್ಚ್ 4 ಆದರೆ ಲೆಕ್ಕ ಹಿಂದಿನ ಹಣಕಾಸು ವರ್ಷಕ್ಕೇ ಜಾರುತ್ತದೆ. ಹಾಗಾಗಿ ತಾರೀಖುಗಳನ್ನು ಕಣ್ಣಾರೆ ನೋಡಿದ ಮೇಲೆಯೇ, ಬ್ಯಾಂಕಿನಿಂದ ಹೋದದ್ದನ್ನು ಪೇಮೆಂಟ್ ವೋಚರ್, ಬಂದದ್ದನ್ನು ರಿಸೀಟ್ ವೋಚರ್ ಎಂದು ಗುರುತಿಸಿ ಟ್ಯಾಲಿಗೆ ಕಳಿಸಿ.