4:40 ಎಂದರೆ 4.40 ಅಲ್ಲ: ಟ್ರೆಡ್‌ಮಿಲ್ ಲೆಕ್ಕದ ಐದು ತಪ್ಪು ಕಲ್ಪನೆಗಳು

ಈರೋಡ್ ಜಿಲ್ಲೆಗೆ ಸೇರಿದ್ದರೂ ತಾಳವಾಡಿ ಬೆಟ್ಟಸೀಮೆಯ ಮನೆಮಾತು ಹೆಚ್ಚಾಗಿ ಕನ್ನಡ. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಆನೆ ಓಡಾಡುವ ರಸ್ತೆಯಲ್ಲಿ ನಸುಕಿನ ಕತ್ತಲಲ್ಲಿ ಓಡುವುದು ಜಾಣತನವಲ್ಲ. ಹಾಗಾಗಿ ತಮಿಳುನಾಡು ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ತಯಾರಾಗುವ ಹುಡುಗನಿಗೆ ಟ್ರೆಡ್‌ಮಿಲ್ ಒಳ್ಳೆಯ ಆಸರೆ. ಅಲ್ಲಿನ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1500 ಮೀಟರನ್ನು 7 ನಿಮಿಷದಲ್ಲಿ ಓಡಿ ಮುಗಿಸಬೇಕು. ಅಂದರೆ ಕಿಲೋಮೀಟರಿಗೆ 4 ನಿಮಿಷ 40 ಸೆಕೆಂಡ್. ಕೈಗಡಿಯಾರ ಇದನ್ನು 4:40 ಎಂದು ತೋರಿಸುತ್ತದೆ, ಆದರೆ ಟ್ರೆಡ್‌ಮಿಲ್ ಕೇಳುವುದು ಗಂಟೆಗೆ ಎಷ್ಟು ಕಿಲೋಮೀಟರ್ ಎಂದು. ಒಂದರಿಂದ ಇನ್ನೊಂದಕ್ಕೆ ದಾಟುವಾಗಲೇ ಲೆಕ್ಕ ತಪ್ಪುವುದು.

ತಪ್ಪು ಕಲ್ಪನೆ 1: 60ನ್ನು 4.40ರಿಂದ ಭಾಗಿಸಿದರೆ ವೇಗ ಸಿಗುತ್ತದೆ.

ಸತ್ಯ: 60ನ್ನು ಭಾಗಿಸುವುದು ಸರಿ, 4.40ರಿಂದ ಭಾಗಿಸುವುದು ತಪ್ಪು. ರೂಪಾಯಿಗೆ ನೂರು ಪೈಸೆ, ನಿಮಿಷಕ್ಕೆ ಅರವತ್ತೇ ಸೆಕೆಂಡ್. 40 ಸೆಕೆಂಡ್ ಎಂದರೆ ನಿಮಿಷದ ಮೂರರಲ್ಲಿ ಎರಡು ಭಾಗ, ಅಂದರೆ 0.67. ಆದ್ದರಿಂದ 4:40 ಎಂಬುದು ದಶಮಾಂಶದಲ್ಲಿ 4.67. ತಪ್ಪು ಲೆಕ್ಕದಲ್ಲಿ ಬರುವ ಉತ್ತರ 13.6, ಸರಿಯಾದದ್ದು 12.86.

ಈ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ: ಬೇಕಾದ್ದಕ್ಕಿಂತ ಹೆಚ್ಚು ವೇಗದ ಕಡೆಗೆ. 13.6ರಲ್ಲಿ ಓಡಿದವನು 1500 ಮೀಟರನ್ನು ಸುಮಾರು 6 ನಿಮಿಷ 37 ಸೆಕೆಂಡಿಗೇ ಮುಗಿಸಬೇಕಾಗುತ್ತದೆ. ಅಷ್ಟು ತಾಳಲಾರದೆ ನಡುವೆ ನಿಲ್ಲಿಸಿದವನು ‘ನನಗೆ 7 ನಿಮಿಷದ ಓಟ ಆಗದು’ ಎಂದುಕೊಳ್ಳುತ್ತಾನೆ. ಅವನು ಓಡಲು ಹೊರಟಿದ್ದು 7 ನಿಮಿಷದ ಓಟವನ್ನೇ ಅಲ್ಲ.

ದಶಮಾಂಶದ ಗೊಂದಲವೇ ಬೇಡ ಎನ್ನುವವರಿಗೆ ಸುಲಭದ ದಾರಿ ಇದೆ. ಕಿಲೋಮೀಟರಿಗೆ ತಗಲುವ ಹೊತ್ತನ್ನು ಪೂರ್ತಿ ಸೆಕೆಂಡಿಗೆ ತಿರುಗಿಸಿ, 3600ನ್ನು ಅದರಿಂದ ಭಾಗಿಸಿ. 4:40 ಎಂದರೆ 280 ಸೆಕೆಂಡ್; 3600 ÷ 280 = 12.86. ಹಿಂದಕ್ಕೆ ಬರಲೂ ಇದೇ ಸೂತ್ರ: ಟ್ರೆಡ್‌ಮಿಲ್ 12 ತೋರಿಸುತ್ತಿದ್ದರೆ 3600 ÷ 12 = 300 ಸೆಕೆಂಡ್, ಅಂದರೆ ಕಿಲೋಮೀಟರಿಗೆ ಸರಿಯಾಗಿ 5 ನಿಮಿಷ.

ತಪ್ಪು ಕಲ್ಪನೆ 2: 12.86 ಸಿಗದಿದ್ದರೆ 12.8 ಇಟ್ಟರೂ ನಡೆಯುತ್ತದೆ, ಒಂದು ಪಾಯಿಂಟಿನಲ್ಲಿ ಏನಿದೆ?

ಸತ್ಯ: ಬಹಳಷ್ಟು ಟ್ರೆಡ್‌ಮಿಲ್‌ಗಳ ವೇಗ 0.1ರಂತೆ ಏರಿಳಿಯುತ್ತದೆ. ಹಾಗಾಗಿ ಆಯ್ಕೆ 12.8 ಮತ್ತು 12.9ರ ನಡುವೆ. 12.8ರಲ್ಲಿ 1500 ಮೀಟರಿಗೆ 7 ನಿಮಿಷ 2 ಸೆಕೆಂಡ್ ಬೇಕು. 12.9ರಲ್ಲಿ 6 ನಿಮಿಷ 59 ಸೆಕೆಂಡ್ ಸಾಕು. ಗಡುವು ಇರುವ ಓಟದಲ್ಲಿ ಆ ಒಂದು ಪಾಯಿಂಟೇ ಪಾಸು ಫೇಲನ್ನು ತೀರ್ಮಾನಿಸುತ್ತದೆ. ಆದ್ದರಿಂದ ಉತ್ತರ ನಡುವೆ ಬಿದ್ದರೆ ಮೇಲಿನ ಅಂಕಿಯನ್ನೇ ಹಿಡಿಯಬೇಕು. ಇನ್ನೊಂದು ವಿಷಯ: ನಿಂತ ಬೆಲ್ಟ್ 12.9 ಮುಟ್ಟುವಷ್ಟರಲ್ಲಿ ಕೆಲವು ಸೆಕೆಂಡ್ ಕಳೆದಿರುತ್ತವೆ. ಪೂರ್ತಿ ವೇಗ ಬಂದ ಮೇಲೆ ಹೊತ್ತನ್ನೂ ದೂರವನ್ನೂ ನೋಡಿಟ್ಟುಕೊಂಡು ಅಲ್ಲಿಂದ ಎಣಿಸಿ.

ತಪ್ಪು ಕಲ್ಪನೆ 3: ಅರ್ಧ ದೂರ ಜೋರಾಗಿ, ಅರ್ಧ ದೂರ ನಿಧಾನವಾಗಿ ಓಡಿದರೂ ಸರಾಸರಿ ಸರಿಹೋಗುತ್ತದೆ.

ಸತ್ಯ: ಮೊದಲ 750 ಮೀಟರ್ 15ರಲ್ಲಿ, ಉಳಿದ 750 ಮೀಟರ್ 11ರಲ್ಲಿ ಓಡಿದಿರಿ ಎನ್ನೋಣ. ಎರಡನ್ನೂ ಕೂಡಿ ಅರ್ಧ ಮಾಡಿದರೆ 13, ಬೇಕಾದದ್ದು 12.86. ಕಾಗದದ ಮೇಲೆ ಗೆದ್ದಂತೆ. ಆದರೆ ಹೊತ್ತನ್ನು ಕೂಡಿಸಿ ನೋಡಿ: 15ರಲ್ಲಿ 750 ಮೀಟರಿಗೆ 3 ನಿಮಿಷ, 11ರಲ್ಲಿ 4 ನಿಮಿಷ 5 ಸೆಕೆಂಡ್. ಒಟ್ಟು 7 ನಿಮಿಷ 5 ಸೆಕೆಂಡ್, ಗಡುವು ಮೀರಿತು. ನಿಧಾನದ ಅರ್ಧದಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ, ಹಾಗಾಗಿ ಅದರ ಭಾರವೇ ಹೆಚ್ಚು. ದೂರವನ್ನು ಸಮನಾಗಿ ಹಂಚಿಕೊಂಡಾಗ ವೇಗಗಳ ಸರಾಸರಿ ತೆಗೆಯಬಾರದು. ಕಿಲೋಮೀಟರಿಗೆ ತಗಲುವ ನಿಮಿಷಗಳ ಸರಾಸರಿ ತೆಗೆಯಬೇಕು.

ಇದೇ ಕಾರಣಕ್ಕೆ ವೇಗದ ಒಂದೊಂದು ಮೆಟ್ಟಿಲೂ ಸಮ ಎತ್ತರದ್ದಲ್ಲ. 8ರಿಂದ 9ಕ್ಕೆ ಏರಿದರೆ ಕಿಲೋಮೀಟರಿಗೆ 50 ಸೆಕೆಂಡ್ ಉಳಿಯುತ್ತದೆ: 7:30 ಇದ್ದದ್ದು 6:40 ಆಗುತ್ತದೆ. 12ರಿಂದ 13ಕ್ಕೆ ಏರಿದರೆ ಉಳಿಯುವುದು 23 ಸೆಕೆಂಡ್ ಮಾತ್ರ. ‘ವಾರಕ್ಕೆ 0.5 ಏರಿಸುತ್ತೇನೆ, ಪ್ರತಿ ವಾರವೂ ಅಷ್ಟೇ ಸೆಕೆಂಡ್ ಇಳಿಯುತ್ತದೆ’ ಎಂಬ ಲೆಕ್ಕ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 4: ಟ್ರೆಡ್‌ಮಿಲ್ ಓಟ ಸುಲಭ, ಇನ್‌ಕ್ಲೈನ್ 1 ಇಟ್ಟರೆ ಯಾವ ವೇಗದಲ್ಲೂ ರಸ್ತೆಗೆ ಸಮ.

ಸತ್ಯ: ಈ ಮಾತಿನ ಮೂಲ 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಹೊರಗೆ ಓಡುವಾಗ ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಟ್ರೆಡ್‌ಮಿಲ್ ಮೇಲೆ ಅದಿಲ್ಲ. ಆ ಕೊರತೆಯನ್ನು 1 ಶೇಕಡಾ ಏರು ತುಂಬಿಕೊಡುತ್ತದೆ ಎಂದು ಅವರು ಕಂಡದ್ದು ಗಂಟೆಗೆ ಸುಮಾರು 10.5ರಿಂದ 18 ಕಿಲೋಮೀಟರ್ ವೇಗದ ಓಟದಲ್ಲಿ. ನಮ್ಮ 12.9 ಆ ವ್ಯಾಪ್ತಿಯ ಒಳಗೇ ಇದೆ, ಹಾಗಾಗಿ 1 ಇಡುವುದು ಸರಿ. ಹೆಣ್ಣುಮಕ್ಕಳಿಗೆ ಇರುವ ಪರೀಕ್ಷೆ 400 ಮೀಟರಿಗೆ 2 ನಿಮಿಷ 30 ಸೆಕೆಂಡ್, ಅಂದರೆ 9.6. ಆ ವ್ಯಾಪ್ತಿಗಿಂತ ನಿಧಾನದ ಇಂಥ ಓಟದಲ್ಲಿ ಗಾಳಿಯ ತಡೆ ತೀರಾ ಕಡಿಮೆ, ಇನ್‌ಕ್ಲೈನ್ ಸೊನ್ನೆಯಲ್ಲಿದ್ದರೂ ನಷ್ಟವಿಲ್ಲ.

ತಾಳವಾಡಿ ರಸ್ತೆಗಳಲ್ಲಿ ಓಡುವವರು ಒಂದು ಮಾತು ನೆನಪಿಡಬೇಕು. ಏರು ರಸ್ತೆಯಲ್ಲಿ ಗಡಿಯಾರ 6:00 ತೋರಿಸಿದರೆ, ಸಮತಟ್ಟು ಬೆಲ್ಟ್ ಮೇಲಿನ 10 ಅದಕ್ಕೆ ಸಮವಲ್ಲ. ವೇಗ ಒಂದೇ, ಶ್ರಮ ಬೇರೆ. ಸೂತ್ರ ತಿರುಗಿಸಿಕೊಡುವುದು ವೇಗವನ್ನಷ್ಟೇ.

ತಪ್ಪು ಕಲ್ಪನೆ 5: ಪರದೆ 12 ಎಂದರೆ ಬೆಲ್ಟ್ 12ರಲ್ಲೇ ಓಡುತ್ತಿದೆ.

ಸತ್ಯ: ಸಡಿಲವಾದ, ಸವೆದ ಬೆಲ್ಟ್ ಓಡುವವರ ಭಾರಕ್ಕೆ ನಿಧಾನವಾಗಬಹುದು. ಪರೀಕ್ಷೆ ಸುಲಭ. ಯಂತ್ರ ನಿಂತಿರುವಾಗ ಬೆಲ್ಟಿನ ಪೂರ್ತಿ ಸುತ್ತಳತೆ ತೆಗೆದು, ಅಂಚಿಗೊಂದು ಬಣ್ಣದ ಟೇಪ್ ಅಂಟಿಸಿ. ಅಳತೆ 3 ಮೀಟರ್ ಇದ್ದರೆ 20 ಸುತ್ತಿಗೆ 60 ಮೀಟರ್. 12ರ ವೇಗದಲ್ಲಿ ಇದಕ್ಕೆ ಸರಿಯಾಗಿ 18 ಸೆಕೆಂಡ್ ಹಿಡಿಯಬೇಕು. ಒಬ್ಬರು ಓಡುತ್ತಿರುವಾಗಲೇ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆದು ಎಣಿಸಲಿ. 19 ಸೆಕೆಂಡ್ ಬಂದರೆ ನಿಜವಾದ ವೇಗ 11.4 ಮಾತ್ರ. ಪರದೆಯ ಅಂಕಿ ಮೈಲಿಯಲ್ಲಿದೆಯೇ ಕಿಲೋಮೀಟರಿನಲ್ಲಿದೆಯೇ ಎಂಬುದನ್ನೂ ಓಡುವ ಮೊದಲೇ ನೋಡಿಕೊಳ್ಳಿ: ಮೈಲಿಯ 8 ಎಂದರೆ ಕಿಲೋಮೀಟರಿನಲ್ಲಿ 12.9.

ರಾಜ್ಯದ ಗಡಿ ದಾಟಿದರೆ ಗುರಿಯೂ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ನಿಮ್ಮ ನೇಮಕಾತಿ ಪ್ರಕಟಣೆಯಲ್ಲಿರುವ ದೂರ ಮತ್ತು ಹೊತ್ತನ್ನು ಓದಿ, ಕಿಲೋಮೀಟರಿಗೆ ಎಷ್ಟು ಸೆಕೆಂಡ್ ಎಂದು ಮಾಡಿಕೊಳ್ಳಿ, 3600ನ್ನು ಅದರಿಂದ ಭಾಗಿಸಿ, ಬಂದ ಅಂಕಿಯನ್ನು ಮೇಲಕ್ಕೆ ಸರಿಮಾಡಿ. ಬಟನ್ ಒತ್ತುವ ಮೊದಲು ಮಾಡಬೇಕಾದ ಲೆಕ್ಕ ಇಷ್ಟೇ.