ಫುಪ್ಪುವಿನ ಹೆಸರು ಬಿಟ್ಟದ್ದು ಯಾರು?

ತಮ್ಮನ ವಲೀಮಾದ ರಾತ್ರಿ, ಊಟದ ಎರಡನೇ ಪಂಕ್ತಿ ಮುಗಿಯುವ ಹೊತ್ತಿಗೆ ಅಬ್ಬಾ ಹೆಂಗಸರ ಕಡೆಯ ಪರದೆ ಹತ್ತಿರ ಬಂದು ನನ್ನನ್ನು ಕರೆದು ಕೇಳಿದರು, "ಆಪಾ ಬಂದ್ರಾ?" ಆಪಾ ಅಂದರೆ ಅಬ್ಬಾರ ಅಕ್ಕ, ನಮ್ಮ ಬಡಿ ಫುಪ್ಪು. ಇರೋದು ಕಲಬುರಗಿಯಲ್ಲಿ. ನಿಕಾಹ್ ದಿನವೂ ಅವರು ಕಂಡಿರಲಿಲ್ಲ. ಮೊಣಕಾಲು ನೋವು ಇದೆಯಲ್ಲ, ಹೈದರಾಬಾದಿಗೆ ಎರಡು ಸಲ ಬರೋದು ಕಷ್ಟ, ವಲೀಮಾಗೆ ಬರ್ತಾರೆ ಅಂತ ನಾವೇ ಅಂದುಕೊಂಡಿದ್ದೆವು. ಕಾರ್ಡ್ ಹಂಚಲು ಕಲಬುರಗಿಗೆ ಹೋಗಿದ್ದ ಚಿಚ್ಚಾನನ್ನು ಕೇಳಿದರೆ, "ಪಟ್ಟಿಯಲ್ಲಿ ಇದ್ದವರಿಗೆಲ್ಲ ಕೊಟ್ಟೆ" ಅಂದರು. ಪಟ್ಟಿ ತೆಗೆದು ನೋಡಿದೆ. ಫುಪ್ಪು ಇರಲಿಲ್ಲ. ಆ ಪಟ್ಟಿ ಬರೆದವಳು ನಾನೇ. ಟೀಚರ್, ಅಕ್ಷರ ಚೆನ್ನಾಗಿದೆ ಅಂತ ನನಗೇ ಕೊಟ್ಟಿದ್ದರು.

ಹೇಗೆ ತಪ್ಪಿತು ಅನ್ನೋದನ್ನು ಮೊದಲು ಹೇಳಬೇಕು, ಯಾಕೆಂದರೆ ಮಾಫಿ ಕೇಳುವ ರೀತಿಗೂ ಅದಕ್ಕೂ ಸಂಬಂಧ ಇದೆ. ನಮ್ಮ ಕಡೆ ಹೊಸ ಮದುವೆಗೆ ಪಟ್ಟಿ ಹೊಸದಾಗಿ ಮಾಡೋದಿಲ್ಲ. ಹಿಂದಿನ ಮದುವೆಯ ನೋಟ್‌ಬುಕ್ ತೆಗೆದು ನಕಲು ಮಾಡುತ್ತೇವೆ. ಅದರಲ್ಲಿ ಒಂದು ಮನೆಗೆ ಒಂದು ಸಾಲು, ಯಜಮಾನನ ಹೆಸರಿನಲ್ಲಿ: "ಜನಾಬ್ ಇಂಥವರು, ಮಾ ಅಹ್ಲೊ ಅಯಾಲ್", ಅಂದರೆ ಹೆಂಡತಿ ಮಕ್ಕಳ ಸಮೇತ. ನಕಲು ಮಾಡುವಾಗ ತೀರಿಕೊಂಡವರ ಹೆಸರಿನ ಮುಂದೆ ಮರ್ಹೂಮ್ ಅಂತ ಬರೆದು ಗೆರೆ ಹೊಡೆಯುತ್ತೇವೆ. ಫುಪ್ಪಾ ತೀರಿಕೊಂಡು ಒಂದು ವರ್ಷ ಆಗಿತ್ತು. ನಾನು ಗೆರೆ ಹೊಡೆದೆ. ಫುಪ್ಪು ಇದ್ದದ್ದು ಆ "ಅಹ್ಲೊ ಅಯಾಲ್"ನ ಒಳಗೆ. ಒಂದು ಗೆರೆಗೆ ಇಡೀ ಮನೆ ಹೋಯಿತು.

ಫ್ಯಾಮಿಲಿ ಗ್ರೂಪಿನಲ್ಲಿ ಕಾರ್ಡಿನ ಫೋಟೋ ಹಾಕಿದ್ದೆವು, ಫುಪ್ಪುವಿನ ಮಗ ಅದನ್ನು ನೋಡಿಯೂ ಇದ್ದ. ಆದರೆ ಗ್ರೂಪಿನಲ್ಲಿ ಹಾಕಿದ್ದು ದಾವತ್ ಅಲ್ಲ, ಖಬರ್. ಅಬ್ಬಾರ ಅಕ್ಕನಿಗೆ ಮದುವೆಯ ಖಬರ್ ಕೊಟ್ಟರೆ ಅದು ಇನ್ನೂ ದೊಡ್ಡ ಅವಮಾನ.

ಈಗ ಮಾಫಿಯ ಮಾತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬಂದ ವಾಕ್ಯ, "ಮನೆಯವರಿಗೆ ಕಾರ್ಡ್ ಯಾಕೆ ಬೇಕು?" ಇದನ್ನು ಮಾತ್ರ ಅವರ ಮುಂದೆ ಹೇಳಬಾರದು. ಕೇಳಲು ಪ್ರೀತಿಯ ಮಾತಿನಂತೆ ಇದೆ, ಆದರೆ ಅರ್ಥ ಮಾತ್ರ "ಕರೆಯದಿದ್ದರೂ ಬರಬೇಕಿತ್ತು, ಬರದೇ ಇದ್ದದ್ದು ನಿಮ್ಮ ತಪ್ಪು" ಅಂತ. ಮಾಫಿ ಕೇಳಲು ಹೋದವರು ಅವರನ್ನೇ ಆರೋಪಿ ಮಾಡಿ ಬಂದ ಹಾಗೆ.

ಎರಡನೇದು ವ್ಯಾಕರಣ. ಮಕ್ಕಳಿಗೆ ಎರಡೂ ಭಾಷೆ ಕಲಿಸುವವಳಾದ್ದರಿಂದ ಇದು ನನಗೆ ಆವತ್ತು ಚುಚ್ಚಿತು. ಕನ್ನಡದಲ್ಲಿ "ತಪ್ಪಾಯ್ತು" ಅನ್ನುತ್ತೇವೆ, ಉರ್ದುವಿನಲ್ಲಿ "ಗಲ್ತಿ ಹೋ ಗಯಿ". "ಮರೆತುಹೋಯ್ತು", "ಭೂಲ್ ಹೋ ಗಯಿ". ಯಾವುದರಲ್ಲೂ ಕರ್ತೃ ಇಲ್ಲ. ಮಳೆ ಬಂದ ಹಾಗೆ ತಪ್ಪು ತಾನಾಗಿ ಬಂತು, ಹೆಸರು ತಾನಾಗಿ ಬಿಟ್ಟುಹೋಯ್ತು. ಸಣ್ಣಪುಟ್ಟದಕ್ಕೆ ಇದು ಸಾಕು. ಬಸ್ಸಿನಲ್ಲಿ ಕಾಲು ತುಳಿದರೆ "ತಪ್ಪಾಯ್ತು" ಸರಿಯಾದ ಮಾತೇ. ಆದರೆ ಒಬ್ಬರ ಹೆಸರಿನ ಮೇಲೆ ಗೆರೆ ಹೊಡೆದಾಗ "ನಾನು ಬಿಟ್ಟೆ", "ಮೈ ಭೂಲ್ ಗಯಿ" ಅನ್ನಬೇಕು. ಎರಡು ಭಾಷೆಯಲ್ಲೂ ಆ ರೂಪ ಇದೆ, ನಾಲಿಗೆಗೆ ಬರೋದು ಮಾತ್ರ ಕಷ್ಟ. "ನಿಮಗೆ ಬೇಜಾರಾಗಿದ್ದರೆ" ಅನ್ನುವ "ದ್ದರೆ" ಕೂಡ ಬೇಡ. ಬೇಜಾರಾಗಿದೆ. ಅದರಲ್ಲಿ ಅನುಮಾನ ಏನಿದೆ?

ಯಾರು ಹೋಗಬೇಕು ಅನ್ನೋದರ ಮೇಲೂ ಮನೆಯಲ್ಲಿ ಚರ್ಚೆ ಆಯಿತು. ಉರ್ದು ಕಾರ್ಡಿನ ಕೆಳಗೆ "ಅದ್ದಾಯಿ" ಅಂತ ಇರುತ್ತದಲ್ಲ, ಕರೆಯುವವರು, ಅಲ್ಲಿ ಅಬ್ಬಾರ ಹೆಸರಿತ್ತು. ಆದ್ದರಿಂದ ಅಬ್ಬಾ ಹೋಗಲೇಬೇಕು. ಬಿಟ್ಟವಳು ನಾನು, ಆದ್ದರಿಂದ ನಾನೂ ಹೋಗಬೇಕು. ತಮ್ಮನನ್ನೂ ಹೊಸ ಸೊಸೆಯನ್ನೂ ಅಬ್ಬಾ ಕರೆದುಕೊಂಡು ಹೋಗೋಣ ಅಂದರು, ನಾನು ಬೇಡ ಅಂದೆ. ಹೊಸ ಸೊಸೆ ಎದುರಿಗಿದ್ದರೆ ಫುಪ್ಪು ಬೈಯಲು ಆಗೋದಿಲ್ಲ, ನಗಲೇಬೇಕಾಗುತ್ತದೆ. ಬೈಯುವ ಅವಕಾಶ ಕಿತ್ತುಕೊಂಡು ಮಾಫಿ ಕೇಳೋದು ನ್ಯಾಯ ಅಲ್ಲ. ಮುನಿಸು ಮೂರು ದಿನ ದಾಟಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಅಬ್ಬಾ ಫೋನ್ ಮಾಡಿ, "ಆಪಾ, ನಾಡಿದ್ದು ಬರ್ತಾ ಇದೀವಿ" ಅಂತ ಅಷ್ಟೇ ಹೇಳಿದರು. ಫೋನಿನಲ್ಲೇ ಮಾಫಿ ಕೇಳಿ ಮುಗಿಸಲಿಲ್ಲ. ಆ ಕಡೆಯಿಂದ "ಹ್ಞೂಂ" ಮಾತ್ರ ಬಂತು.

ಮೂರನೇ ದಿನ ರೈಲು ಹತ್ತಿ, ವಾಡಿ ಮೇಲೆ ಕಲಬುರಗಿಗೆ ಹೋದೆವು. ಅಲ್ಲಿ ಅಬ್ಬಾ ಒಂದು ತಪ್ಪು ಮಾಡಿದರು. ಉಳಿದಿದ್ದ ಕಾರ್ಡಿನ ಮೇಲೆ ಫುಪ್ಪುವಿನ ಹೆಸರು ಬರೆಸಿ ತಂದಿದ್ದರು, ಅದನ್ನು ಕೈಗಿಟ್ಟರು. ಫುಪ್ಪು ಕಾರ್ಡ್ ತೆರೆಯಲಿಲ್ಲ, ತಖ್ತದ ಮೇಲೆ ಸರಿಸಿದರು. "ತಾರೀಖು ದಾಟಿದ ಕಾರ್ಡ್ ಇಟ್ಟುಕೊಂಡು ನಾನೇನು ಮಾಡಲಿ?" ಅವರು ಹೇಳಿದ್ದು ಸರಿ. ಆ ಕಾರ್ಡ್ ನಮ್ಮ ಸಮಾಧಾನಕ್ಕೆ ತಂದದ್ದು.

ನಾನು ಹೇಳಿದೆ, "ಫುಪ್ಪು, ಪಟ್ಟಿ ಬರೆದವಳು ನಾನು. ನಿಮ್ಮ ಹೆಸರು ನಾನು ಬಿಟ್ಟೆ." ಅಷ್ಟು ಹೇಳಿ ಸುಮ್ಮನಾದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ನನ್ನನ್ನು ನೋಡದೆ ಅಬ್ಬಾರನ್ನು ಕೇಳಿದರು, "ಬೇವಾ ಹೂಂ ಬೋಲ್ಕೆ ಛೋಡ್ ದಿಯೇ ಕ್ಯಾ?" ವಿಧವೆ ಅಂತ ಬಿಟ್ಟಿರಾ?

ಇದು ನಮ್ಮ ತಲೆಗೆ ಬಂದೇ ಇರಲಿಲ್ಲ. ನಮ್ಮಲ್ಲಿ ಮಾಂಜಾದ ಅರಿಶಿನ ಮೊದಲು ಹಚ್ಚೋದು ಬಡಿ ಫುಪ್ಪುವೇ. ಗಂಡ ಇಲ್ಲದವರು ಅರಿಶಿನ ಮುಟ್ಟಬಾರದು ಅನ್ನುವವರು ಎಷ್ಟೋ ಮನೆಗಳಲ್ಲಿ ಇದ್ದಾರೆ, ದೀನಿನಲ್ಲಿ ಅದಕ್ಕೆ ಆಧಾರ ಇಲ್ಲದಿದ್ದರೂ. ನಾವು ಮರೆತಿದ್ದೆವು, ಅವರು ಮಾತ್ರ ಒಂದು ವಾರ ಇದನ್ನೇ ಯೋಚಿಸುತ್ತ ಕೂತಿದ್ದರು. ನಾವು ಮಾಫಿ ಕೇಳಲು ಹೋದದ್ದು ಒಂದಕ್ಕೆ, ಅವರಿಗೆ ನೋವಾದದ್ದು ಇನ್ನೊಂದಕ್ಕೆ. ಬಾಯಿ ತುಂಬ ಮಾತಾಡಿ ಎದ್ದುಬಂದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

"ಇಲ್ಲ, ಇಲ್ಲ" ಅಂತ ಅಬ್ಬಾ ಅಲ್ಲಾಹನ ಮೇಲೆ ಆಣೆ ಹಾಕಲು ಹೊರಟರು. ನನಗೆ ಮಾತ್ರ ಸುಳ್ಳು ಅನ್ನಿಸಿತು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ತೋರಿಸಿದೆ. ಫುಪ್ಪಾರ ಹೆಸರು, ಮರ್ಹೂಮ್, ನನ್ನ ಗೆರೆ. "ಬೇಕಂತ ಅಲ್ಲ ಫುಪ್ಪು. ಆದರೆ ಫುಪ್ಪಾ ಇದ್ದಿದ್ದರೆ ನಿಮಗೆ ಕಾರ್ಡ್ ಬರ್ತಿತ್ತು. ಅದು ನಿಜ." ಕಾರಣ ಹೇಳೋದು ನೆಪ ಹೇಳಿದ ಹಾಗೆ ಅಂತ ನಾನೇ ಮಕ್ಕಳಿಗೆ ಹೇಳುತ್ತೇನೆ. ಆದರೆ ಅವರು ಕೇಳಿದ ಮೇಲೆ, ಅವರಿಗೆ ಬೇಕಾದ ಉತ್ತರವಾಗಿ ಹೇಳಿದಾಗ ಅದು ನೆಪ ಅಲ್ಲ. ಬಾಗಿಲಲ್ಲೇ ಈ ನೋಟ್‌ಬುಕ್ ತೆಗೆದಿದ್ದರೆ ನೆಪ ಆಗುತ್ತಿತ್ತು.

ಫುಪ್ಪು ಆ ಗೆರೆಯ ಮೇಲೆ ಬೆರಳಿಟ್ಟು ಅತ್ತರು, ನನಗನ್ನಿಸಿದ್ದು ನಮಗಾಗಿ ಅಲ್ಲ, ಫುಪ್ಪಾಗಾಗಿ. "ಮಾಫ್ ಮಾಡಿದೆ" ಅನ್ನಲಿಲ್ಲ. ನಾವೂ ಕೇಳಲಿಲ್ಲ, "ಮಾಫ್ ಕರ್ದೋ" ಅಂತ ಪದೇ ಪದೇ ಅಂದರೆ ಅದು ಸಾಲ ವಸೂಲಿ ಮಾಡಿದ ಹಾಗೆ.

ಹೋದ ದಾವತ್ ಮತ್ತೆ ಕೊಡಲು ಬರೋದಿಲ್ಲ. ಆದರೆ ನಮ್ಮ ದಖ್ಖನಿ ಮದುವೆಗೆ ವಲೀಮಾ ಆದಮೇಲೂ ಜುಮಾಗಿಗಳು ಇರುತ್ತವೆ, ಶುಕ್ರವಾರದ ಊಟಗಳು. ಒಂದು ಜುಮಾಗಿಯನ್ನು ಫುಪ್ಪುವಿನ ಮನೆಯಲ್ಲೇ ಇಡಲು ಅಬ್ಬಾ ಅಪ್ಪಣೆ ಕೇಳಿದರು, ಖರ್ಚು ತಮ್ಮದು ಅಂದರು. ಖರ್ಚಿನ ಮಾತಿಗೆ ಫುಪ್ಪುವಿಗೆ ಸಿಟ್ಟು ಬಂತು. "ನನ್ನ ಭತೀಜನಿಗೆ ನಾನು ಉಣ್ಣಿಸಲಾರೆನಾ?" ಆ ಸಿಟ್ಟು ನೋಡಿ ನನಗೆ ಉಸಿರು ಬಂತು. ತಮ್ಮನೂ ಸೊಸೆಯೂ ಎರಡನೇ ಶುಕ್ರವಾರ ಹೋಗಿ ಸಲಾಂ ಮಾಡಿದರು. ಅವರು ಇನ್ನೂ ನನ್ನ ಜೊತೆ ಮೊದಲಿನ ಹಾಗೆ ಮಾತಾಡೋದಿಲ್ಲ, ಅದಕ್ಕೆ ಸಮಯ ಬೇಕು.

ಈಗ ಚಿಚ್ಚಾನ ಮಗಳ ನಿಕಾಹ್ ಇದೆ. ಪಟ್ಟಿ ಮತ್ತೆ ನನ್ನ ಕೈಗೇ ಬಂದಿದೆ. ಈ ಸಲ ಹಳೆಯ ನೋಟ್‌ಬುಕ್ ಮುಚ್ಚಿಟ್ಟು, ದಾದಾರ ಮಕ್ಕಳಿಂದ ಕೆಳಗೆ, ನಾನಾರ ಮಕ್ಕಳಿಂದ ಕೆಳಗೆ ಅಂತ ಒಬ್ಬೊಬ್ಬರನ್ನೇ, ಹೆಂಗಸರ ಹೆಸರು ಬೇರೆಯಾಗಿ ಬರೆದಿದ್ದೇನೆ. ಮರ್ಹೂಮ್ ಅಂತ ಬರೆದ ಕಡೆಯೆಲ್ಲ ಆ ಮನೆಯಲ್ಲಿ ಈಗ ಯಾರಿದ್ದಾರೆ ಅಂತ ಕೇಳಿಕೊಂಡೆ, ಇನ್ನೂ ಇಬ್ಬರು ಸಿಕ್ಕರು. ಮೊನ್ನೆ ಫೋನಿನಲ್ಲಿ ಪೂರ್ತಿ ಪಟ್ಟಿಯನ್ನು ಫುಪ್ಪುವಿಗೆ ಓದಿ ಹೇಳಿದೆ. ನಡುವೆ ತಡೆದು, ವಾಡಿಯಲ್ಲಿರುವ ಒಬ್ಬ ಖಾಲಾರ ಹೆಸರು ಹೇಳಿದರು. ನಾನು ಬಿಟ್ಟಿದ್ದೆ.